ಹೊಲಿಗೆ ಯಂತ್ರದ ಮೇಲಿನ ಫೋನ್

ಜುಲೈ ತಿಂಗಳ ಮೂರನೇ ಗುರುವಾರ, ಬೆಳಿಗ್ಗೆ 9 ಗಂಟೆ 52 ನಿಮಿಷಕ್ಕೆ, ಔರಾದದ ಒಂದು ಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದ ಫೋನಿಗೆ 168/112 ಎಂಬ ರಕ್ತದೊತ್ತಡದ ಅಂಕಿ ಬಂತು. ಆ ಫೋನಿನ ಒಡತಿ ತೀರಿಕೊಂಡು ಆ ಹೊತ್ತಿಗೆ ಐವತ್ತೆರಡು ದಿನಗಳಾಗಿದ್ದವು. ಅಂಕಿ ನನ್ನ ತಂಗಿಯದು. ಅವಳಿಗೆ ಎಂಟನೇ ತಿಂಗಳು ನಡೆಯುತ್ತಿತ್ತು.

ನಾನು ಬೀದರಿನಲ್ಲಿ ಒಂದು ದಿನಪತ್ರಿಕೆಯ ವರದಿಗಾರ್ತಿ. ಮಾತು ಕೇಳಿದ ಕೂಡಲೇ ವೇಳೆ ಬರೆದುಕೊಳ್ಳುವುದು ರೂಢಿ. ಆ ವಾರದ ವೇಳೆಗಳೆಲ್ಲ ನನ್ನ ಪುಸ್ತಕದಲ್ಲಿವೆ. ಆದ್ದರಿಂದ ಕ್ರಮವಾಗಿ ಹೇಳುತ್ತೇನೆ.

ಅದರ ಹಿಂದಿನ ಶನಿವಾರ ತಂಗಿ ಮತ್ತು ಅವಳ ಗಂಡ ಭಾಲ್ಕಿಗೆ ಬಂದಿದ್ದರು. ಅವಳನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರ್ ಇದ್ದದ್ದು ಅಲ್ಲಿ. ನಾನೂ ಬೀದರಿನಿಂದ ಹೋಗಿದ್ದೆ. ಒತ್ತಡ 146/94 ಇತ್ತು, ಕಾಲುಗಳು ಬಾತಿದ್ದವು. ಡಾಕ್ಟರ್ ಗುಳಿಗೆ ಬರೆದರು, ವಿಶ್ರಾಂತಿ ಹೇಳಿದರು, ಮುಂದಿನ ಶುಕ್ರವಾರ ಬರಲು ಹೇಳಿದರು. ಅಲ್ಲಿಯವರೆಗೆ ಮನೆಯಲ್ಲೇ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಒತ್ತಡ ನೋಡಬೇಕು ಎಂದರು.

"ಮ್ಯಾಲಿಂದು ನೂರಾ ಐವತ್ತು ಮುಟ್ಟಲಿ, ಇಲ್ಲಾ ಕೆಳಗಿಂದು ನೂರು ಮುಟ್ಟಲಿ, ಶುಕ್ರವಾರದ ದಾರಿ ನೋಡಬ್ಯಾಡ್ರಿ," ಎಂದರು ಡಾಕ್ಟರ್. "ಆವತ್ತೇ ಬರ್ರಿ. ಝಟಕಿ, ಅಂದ್ರ ಫಿಟ್ಸ್, ಬಂದ್ರ ತಾಯಿಗೂ ಕಷ್ಟ, ಕೂಸಿಗೂ ಕಷ್ಟ."

ತಂಗಿಯ ಗಂಡ ಬಸ್ ಕಂಡಕ್ಟರ್. "ಮಷಿನ್ ಮನ್ಯಾಗ ಅದರಿ," ಎಂದು ಚೀಲದಿಂದ ತೆಗೆದೇ ತೋರಿಸಿದ. ಡಾಕ್ಟರ್ ಕೇಳುತ್ತಾರೆ ಎಂದು ಊಹಿಸಿ ತಂದಿದ್ದ. ಎರಡು ವರ್ಷದ ಹಿಂದೆ ತನ್ನ ತಾಯಿಗೆ ಕೊಡಿಸಿದ್ದು. ತೋಳಿಗೆ ಸುತ್ತುವ ಪಟ್ಟಿ, ಅದಕ್ಕೆ ಅಂಟಿದ ಬಿಳಿ ಡಬ್ಬಿ, ಒಂದು ಗುಂಡಿ, ಒಂದು ಸಣ್ಣ ನೀಲಿ ದೀಪ, ಅಷ್ಟೆ. ಅಂಕಿ ತೋರಿಸುವ ಪರದೆ ಅದಕ್ಕಿಲ್ಲ. ಗುಂಡಿ ಒತ್ತಿದರೆ ಪಟ್ಟಿ ಉಬ್ಬುತ್ತದೆ, ಇಳಿಯುತ್ತದೆ, ಅಂಕಿ ಬ್ಲೂಟೂತ್ ಮೂಲಕ ಫೋನಿನ ಆ್ಯಪಿಗೆ ಹೋಗುತ್ತದೆ. ಫೋನಿಲ್ಲದೆ ಅದು ಕುರುಡು.

ದವಾಖಾನೆಯ ನರ್ಸ್ ತಂಗಿಯ ಫೋನಿನಲ್ಲಿ ಆ್ಯಪ್ ಹಾಕಿದರು, ತಂಗಿಯ ಹೆಸರಿನಲ್ಲಿ ಖಾತೆ ತೆರೆದರು. ಗುಂಡಿಯನ್ನು ಐದು ಸೆಕೆಂಡ್ ಒತ್ತಿ ಹಿಡಿದಾಗ ನೀಲಿ ದೀಪ ಪಟಪಟ ಮಿಣುಕತೊಡಗಿತು. ಅದು ಹೊಸ ಫೋನನ್ನು ಹುಡುಕುವ ಗುರುತು. ಫೋನಿನಲ್ಲಿ ಮಷಿನ್ನಿನ ಹೆಸರು ಬಂತು, ನರ್ಸ್ ಮುಟ್ಟಿದರು, ಜೋಡಿಸಲೇ ಎಂದು ಕೇಳಿತು, ಹೂಂ ಅಂದರು. ದೀಪ ಮಿಣುಕುವುದು ನಿಂತು ಸ್ಥಿರವಾಯಿತು. ಒಮ್ಮೆ ಒತ್ತಡ ನೋಡಿದರು. ಅಂಕಿ ತಂಗಿಯ ಫೋನಿಗೂ ಬಂತು, ಅಲ್ಲಿಂದ ಇಂಟರ್‌ನೆಟ್ ಮೂಲಕ ದವಾಖಾನೆಯ ಕಂಪ್ಯೂಟರಿಗೂ ಬಂತು.

"ಇನ್ನ ಏನೂ ಮಾಡೋದಿಲ್ಲ," ಎಂದರು ನರ್ಸ್. "ಒಮ್ಮಿ ಪರಿಚಯ ಆಯ್ತಂದ್ರ ಆಯ್ತು. ಮುಂದ ಗುಂಡಿ ಒತ್ತಿದ್ರ ತಾನೇ ಗುರ್ತ ಹಿಡದು ಕೂಡ್ತದ."

"ನಮ್ಮ ಮನಿಯವರಿಗಿಂತ ಛಲೋ ಅದ ಬಿಡ್ರಿ," ಎಂದಳು ತಂಗಿ. "ಅವರು ಡ್ಯೂಟಿಲಿಂದ ಬಂದ್ರ ಎರಡ ತಾಸು ನನ್ನ ಗುರ್ತೇ ಹಿಡ್ಯಲ್ಲ."

ಗಂಡ ನಕ್ಕ. ನಾವೆಲ್ಲ ನಕ್ಕೆವು. ಆಗ ಮಧ್ಯಾಹ್ನ 1 ಗಂಟೆ 20 ನಿಮಿಷ.

ನರ್ಸ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಭಾಲ್ಕಿಯ ಆ ಕೋಣೆಯಲ್ಲಿ ಇದ್ದದ್ದು ಒಂದೇ ಫೋನ್. ಔರಾದದ ಮನೆಯಲ್ಲಿ ಮಷಿನ್ನಿಗೆ ಮೊದಲೇ ಪರಿಚಯವಿದ್ದ ಇನ್ನೊಂದು ಫೋನ್ ಇತ್ತು. ಈ ಮಾತು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕಂಡಕ್ಟರನಿಗೆ ಹೊಳೆಯಬೇಕಿತ್ತು. ಹೊಸ ಫೋನ್ ಜೋಡಿಸಿದರೆ ಹಳೆಯದು ತಾನೇ ಕಡಿದುಹೋಗುತ್ತದೆ ಎಂದು ಅವನು ತಿಳಿದಿದ್ದ. ಫೋನಿನ ಒಡತಿಯೇ ಇಲ್ಲ, ಇನ್ನು ಫೋನಿನ ಮಾತೇನು ಎಂದು ನಾನು ತಿಳಿದಿದ್ದೆ, ಅಥವಾ ಅಷ್ಟೂ ಯೋಚಿಸಿರಲಿಲ್ಲ.

ತಂಗಿಯ ಅತ್ತೆ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಔರಾದ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು, ಗಡಿಯಾಚೆ ಮಹಾರಾಷ್ಟ್ರದ ಊರುಗಳವರು ಸಹ, ಸಂತೆಗೆ ಬಂದಾಗ ಬಟ್ಟೆ ಕೊಟ್ಟು ಹೋಗುತ್ತಿದ್ದರು. ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಅವರು ಯಂತ್ರದ ಮುಂದೆಯೇ ಕುಸಿದು ತೀರಿಕೊಂಡರು. ಹೊಲಿದದ್ದು, ಅರ್ಧ ಹೊಲಿದದ್ದು, ಬರೀ ಕತ್ತರಿಸಿಟ್ಟದ್ದು, ಎಲ್ಲ ಸೇರಿ ಅರವತ್ತು ಚಿಲ್ಲರೆ ಬ್ಲೌಸ್‌ಗಳು ಗಂಟುಗಳಲ್ಲಿ ಉಳಿದವು. ಅವುಗಳ ಒಡತಿಯರಿಗೆ ಗೊತ್ತಿದ್ದದ್ದು ಒಂದೇ ನಂಬರ್. ಹೀಗಾಗಿ ತಂಗಿಯ ಮಾವ ಆ ಫೋನನ್ನು ಬಂದ್ ಮಾಡಲಿಲ್ಲ. ದಿನಾ ಚಾರ್ಜ್ ಮಾಡಿ ಹೊಲಿಗೆ ಯಂತ್ರದ ಮೇಲೆ, ಅದು ಮೊದಲಿಂದ ಇರುತ್ತಿದ್ದ ಜಾಗದಲ್ಲೇ ಇಡುತ್ತಿದ್ದರು. ಕರೆ ಬಂದರೆ ಉತ್ತರ ಹೇಳುತ್ತಿದ್ದರು. ಸಂಜೆ ಫೋನನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು, ಒಂದೆರಡು ಗಂಟು ಹಿಡಿದು, ಊರೊಳಗಿನವರ ಬಟ್ಟೆ ಅವರವರ ಮನೆಗೆ ಮುಟ್ಟಿಸಿ ಬರುತ್ತಿದ್ದರು.

ಒಂದು ಕರೆಯನ್ನು ನಾನೇ ಕೇಳಿದ್ದೇನೆ. ಸ್ಪೀಕರ್ ಹಾಕಿಯೇ ಮಾತಾಡುವವರು ಅವರು.

"ಆಕಿ ತೀರ್ಕೊಂಡಾಳ್ರಿ ಬಾಯಿ."

"ಅಯ್ಯೋ! ಯಾವಾಗ್ರಿ? ದೇವರಂಥಾ ಹೆಣ್ಮಗಳು. ಮತ್ತ ಕಾಕಾ, ನನ್ನ ಹಸರ ಬ್ಲೌಜಿಗಿ ತೋಳ ಕೂಡಿಸಿದ್ಲೇನ್ರಿ?"

"ಒಂದ ಕೂಡಿಸ್ಯಾಳ್ರಿ."

ಈಗ ದಿನಗಳಿಗೆ ಬರುತ್ತೇನೆ.

ಶನಿವಾರ ಸಂಜೆ ಔರಾದದಿಂದ ಅಂಕಿ ಬಂತು: 138/86. ಭಾನುವಾರ ಮುಂಜಾನೆ ಬರಲಿಲ್ಲ, ಸಂಜೆ ಬಂತು: 134/88. ಸೋಮವಾರ ಮುಂಜಾನೆ ಬರಲಿಲ್ಲ, ಸಂಜೆ ಬಂತು: 136/88. ಭಾಲ್ಕಿಯ ನರ್ಸ್ ಫೋನಿನಲ್ಲಿ, "ಸಂಜಿಂದು ಬರಲತ್ತವ, ಛಲೋ ಅವ. ಮುಂಜಾನಿಂದು ಯಾಕ ಬರವಲ್ದು ನೋಡ್ರಿ," ಎಂದರು. ತಂಗಿಗೆ ಕೇಳಿದೆ. ಮುಂಜಾನೆಯೂ ಗುಂಡಿ ಒತ್ತುತ್ತೇನೆ, ಪಟ್ಟಿ ಉಬ್ಬುತ್ತದೆ, ನೀಲಿ ದೀಪ ಸ್ಥಿರವಾಗುತ್ತದೆ, ಆದರೆ ಆ್ಯಪಿನಲ್ಲಿ ಏನೂ ಇರುವುದಿಲ್ಲ ಎಂದಳು.

ದೀಪ ಸ್ಥಿರವಾಗುತ್ತದೆ ಎಂದರೆ ಮಷಿನ್ ಯಾವುದೋ ಫೋನಿಗೆ ಕೂಡಿದೆ ಎಂದರ್ಥ. ಈ ಮಾತನ್ನು ಅವಳು ಸೋಮವಾರ ಸಂಜೆ 6 ಗಂಟೆ 40ಕ್ಕೆ ಹೇಳಿದಳು. ನಾನು ಪುಸ್ತಕದಲ್ಲಿ ಬರೆದುಕೊಂಡೆ ಸಹ. 'ಯಾವ ಫೋನಿಗೆ' ಎಂದು ಕೇಳಲಿಲ್ಲ. ದಿನಾ ಹತ್ತು ಜನರನ್ನು ಯಾರು, ಯಾವಾಗ, ಎಲ್ಲಿ ಎಂದು ಕೇಳುವ ಕೆಲಸ ನನ್ನದು.

ಕೇಳುವ ಬದಲು ಸಲಹೆ ಕೊಟ್ಟೆ. ನನ್ನ ಕಿವಿಯ ಇಯರ್‌ಫೋನ್ ಕೈಕೊಟ್ಟಾಗ ಮಾಡುವುದನ್ನೇ ಹೇಳಿದೆ. "ಬ್ಲೂಟೂತ್ ಸೆಟ್ಟಿಂಗಿನ್ಯಾಗ ಹೋಗು. ಆ ಮಷಿನ್ನಿನ ಹೆಸರಿನ ಮುಂದ ಒತ್ತು. ಫರ್ಗೆಟ್ ಅಂತದ ನೋಡು, ಅದನ್ನ ಒತ್ತು. ಆಮ್ಯಾಲ ಹೊಸದಾಗಿ ಪೇರ್ ಮಾಡು."

"ಅಳಸಿದ್ರ ತಿರುಗಿ ಬರ್ತದೇನಕ್ಕಾ?"

"ಬರ್ತದ. ನಾ ದಿನಾ ಮಾಡ್ತೇನಿ."

ಅವಳು ಅಳಿಸಿದಳು. ಗುಂಡಿಯನ್ನು ಐದು ಸೆಕೆಂಡ್ ಹಿಡಿದಳು. ದೀಪ ಎರಡು ಸಲ ಮಿಣುಕಿ ಸ್ಥಿರವಾಯಿತಂತೆ. ಅವಳ ಫೋನಿನ ಪಟ್ಟಿಯಲ್ಲಿ ಮಷಿನ್ನಿನ ಹೆಸರೇ ಬರಲಿಲ್ಲ. ಅಷ್ಟರಲ್ಲಿ ಮಾವ ಬಟ್ಟೆ ಕೊಟ್ಟು ಮನೆಗೆ ಬಂದಿದ್ದರು ಎಂಬುದು ನನಗೆ ಗುರುವಾರದ ನಂತರ ಗೊತ್ತಾಯಿತು.

ಸೋಮವಾರ ಸಂಜೆಯವರೆಗೆ ದಿನಕ್ಕೆ ಒಂದಾದರೂ ಅಂಕಿ ಬರುತ್ತಿತ್ತು. ನನ್ನ ಸಲಹೆಯ ನಂತರ ಒಂದೂ ಬರಲಿಲ್ಲ.

ಮಂಗಳವಾರ ಮಳೆ ಹಿಡಿಯಿತು. ಮುಂಜಾನೆ ಏಳರಿಂದ ಎಂಟರವರೆಗೆ ನಾನು ಫೋನಿನಲ್ಲಿದ್ದೆ. ಫೋನ್ ಬಂದ್ ಮಾಡಿ ಚಾಲೂ ಮಾಡಿಸಿದೆ. ಮಷಿನ್ನಿನ ಸೆಲ್ ತೆಗೆದು ಹಾಕಿಸಿದೆ. ಲೊಕೇಶನ್ ಚಾಲೂ ಮಾಡಿಸಿದೆ, ಅದಿಲ್ಲದಿದ್ದರೆ ಕೆಲವು ಫೋನ್‌ಗಳು ಬ್ಲೂಟೂತ್ ಉಪಕರಣ ಹುಡುಕುವುದೇ ಇಲ್ಲ. ಆ್ಯಪಿಗೆ 'ಹತ್ತಿರದ ಉಪಕರಣ'ಗಳ ಅನುಮತಿ ಇದೆಯೇ ನೋಡಿಸಿದೆ, ಇತ್ತು. ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸುತ್ತಿದೆಯೇ ನೋಡಿಸಿದೆ, ನಿಲ್ಲಿಸುತ್ತಿತ್ತು, ತೆಗೆಸಿದೆ. ಆ್ಯಪನ್ನೇ ತೆಗೆದು ಮತ್ತೆ ಹಾಕಿಸಿದೆ. ಪ್ರತಿ ಸಲವೂ ಅದೇ: ದೀಪ ಎರಡು ಸಲ ಮಿಣುಕಿ ಸ್ಥಿರವಾಗುವುದು, ಆ್ಯಪು 'ಉಪಕರಣ ಸಿಗುತ್ತಿಲ್ಲ' ಎನ್ನುವುದು.

"ಅಕ್ಕಾ, ಸಾಕ ಮಾಡಮು. ಸೊಂಟ ಹಿಡ್ಕೊಂಡದ," ಎಂದಳು.

ನರ್ಸಿಗೆ ತಿಳಿಸಿದೆ. ಅವರು ಸ್ಪಷ್ಟವಾಗಿ ಹೇಳಿದರು: "ಅದು ಹತ್ತಲಿಲ್ಲಂದ್ರ ಬಿಡ್ರಿ. ಔರಾದ ದವಾಖಾನಿಗೆ ಹೋಗಿ ನೋಡಿಸ್ರಿ." ನಾನು ಅದನ್ನು ತಂಗಿಗೆ ತಲುಪಿಸಿದೆ. ಗಂಡ ಉದಗೀರ ರೂಟಿನಲ್ಲಿದ್ದ. ಮಾವ, "ಮಳಿ ನಿಂದ್ರಲಿ, ಹೋಗಮು," ಎಂದರಂತೆ. ತಂಗಿಗೆ ಬೇರೆ ಅಂಜಿಕೆ. "ಹೋದ್ರ ಅಲ್ಲೇ ಅಡ್ಮಿಟ್ ಮಾಡ್ಕೊಂತಾರ. ಸಂಜಿಂದೆಲ್ಲಾ ಛಲೋನೇ ಬಂದಾವಲ್ಲಕ್ಕಾ," ಎಂದಳು. ಆ ದಿನ ಜಿಲ್ಲೆಯಲ್ಲಿ ಮಳೆಗೆ ಗೋಡೆ ಕುಸಿದ ಸುದ್ದಿಗಳಿದ್ದವು. ನಾನು ಇನ್ನೊಮ್ಮೆ ಹೇಳಲಿಲ್ಲ.

ಬುಧವಾರ ಮುಂಜಾನೆ ಗುಂಡಿ ಒತ್ತಿದಳು, ಅಂಕಿ ಇಲ್ಲ. ಸಂಜೆ ಒತ್ತಿದಳು, ಅಂಕಿ ಇಲ್ಲ. ಸಂಜೆ 6 ಗಂಟೆ 15ಕ್ಕೆ ಅವಳ ಕರೆ ಬಂತು.

"ತಲಿ ನೋಯ್ಲತ್ತದಕ್ಕಾ."

"ಯಾವಾಗಿಂದ?"

"ಮಧ್ಯಾಹ್ನದಿಂದ. ನಿದ್ದಿ ಇಲ್ಲ, ಅದಕ್ಕ ಇರಬೇಕು. ಈ ಮಷಿನ್ ಹಿಡ್ಕೊಂಡು ಕುಂತು ಕುಂತು ಕಣ್ಣೂ ಮಂಜ್ ಆಗ್ಲತ್ತಾವ."

ತಲೆನೋವು, ಕಣ್ಣು ಮಂಜು. ಈ ಎರಡು ಮಾತು ಡಾಕ್ಟರ್ ಕೊಟ್ಟ ಚೀಟಿಯ ಹಿಂದೆ ಅಚ್ಚಾಗಿದ್ದವು. ಕೂಡಲೇ ಆಸ್ಪತ್ರೆಗೆ ಹೋಗು ಎಂದೆ. ಅವಳ ಗಂಡನಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಮತ್ತೆ ತಂಗಿಗೆ ಮಾಡಿದೆ. ಗುಳಿಗೆ ನುಂಗಿದ್ದೇನೆ, ಈಗ ಕಮ್ಮಿ ಇದೆ, ನೀ ನಾಳೆ ಬಾ, ಇಬ್ಬರೂ ಹೋಗಮು ಎಂದಳು. ದನಿ ಸರಿಯಾಗಿತ್ತು. ನಾನು ಒಪ್ಪಿದೆ.

ಗುರುವಾರ ಬೆಳಿಗ್ಗೆ ಬೀದರ ಬಸ್ ನಿಲ್ದಾಣದಲ್ಲಿ ಔರಾದದ ಮೊದಲ ಬಸ್ಸಿಗೆ ಕುಳಿತೆ. ಸಂತಪುರದ ಆಚೆ ರಸ್ತೆಗೆ ನೀರು ಬಂದಿತ್ತು. ಬಸ್ಸು ನಲವತ್ತು ನಿಮಿಷ ನಿಂತಿತು. ಎರಡು ಸಲ ತಂಗಿಗೆ ಫೋನ್ ಮಾಡಿದೆ. ಮೊದಲ ಸಲ ಎತ್ತಿದಳು, ಎದೆಯ ಕೆಳಗೆ ಬಲಕ್ಕೆ ಚುಚ್ಚುತ್ತಿದೆ ಎಂದಳು. ಎರಡನೇ ಸಲ ಎತ್ತಲಿಲ್ಲ. ಮಾವನ ನಂಬರ್ ನನ್ನ ಬಳಿ ಇರಲಿಲ್ಲ. ಅತ್ತೆಯ ನಂಬರ್ ಇತ್ತು. ಅದಕ್ಕೆ ಮಾಡಬಹುದೆಂದು ನನಗೆ ತೋಚಲಿಲ್ಲ. ಬಸ್ಸಿನೊಳಗೆ ಕೂತು ಆ್ಯಪಿನ ಸಹಾಯ ಪುಟ ಓದಿದೆ. ಅದರ ಕೊನೆಯಲ್ಲಿ ಒಂದು ಸಾಲಿತ್ತು: ಉಪಕರಣ ಬೇರೊಂದು ಫೋನಿಗೆ ಕೂಡಿಕೊಂಡಿದ್ದರೆ ನಿಮ್ಮ ಫೋನಿಗೆ ಕಾಣಿಸುವುದಿಲ್ಲ. ಬೇರೊಂದು ಫೋನ್ ಎಲ್ಲಿದೆ ಎಂದುಕೊಂಡು ಮುಂದಿನ ಪುಟಕ್ಕೆ ಹೋದೆ.

9 ಗಂಟೆ 45ಕ್ಕೆ ಮನೆ ಮುಟ್ಟಿದೆ. ಗಂಡ ಆ ಮುಂಜಾನೆಯಷ್ಟೇ ಡ್ಯೂಟಿ ಮುಗಿಸಿ ಬಂದು ಆಟೋ ತರಲು ಹೋಗಿದ್ದ. ತಂಗಿ ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಾತಿತ್ತು. ಅವಳ ಮಾವ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಬ್ಲೌಸಿನ ಗಂಟೊಂದನ್ನು ಕಟ್ಟುತ್ತಿದ್ದರು.

"ಬಾ ಅವ್ವಾ. ನೀ ಬಂದಿ, ಧೈರ್ಯ ಆಯ್ತು," ಎಂದರು.

ಆಟೋ ಬರುವವರೆಗೆ ಒಮ್ಮೆ ನೋಡಿಬಿಡೋಣ ಎಂದು ಪಟ್ಟಿಯನ್ನು ನಾನೇ ಅವಳ ತೋಳಿಗೆ ಸುತ್ತಿದೆ. ಅವಳ ಫೋನ್ ನನ್ನ ಎಡಗೈಯಲ್ಲಿತ್ತು. ಗುಂಡಿ ಒತ್ತಿದೆ. ಪಟ್ಟಿ ಉಬ್ಬಿತು, ನಿಧಾನಕ್ಕೆ ಇಳಿಯಿತು. ನೀಲಿ ದೀಪ ಸ್ಥಿರವಾಯಿತು. ಕೈಯಲ್ಲಿದ್ದ ಫೋನಿನಲ್ಲಿ ಏನೂ ಇಲ್ಲ.

ಹೊಲಿಗೆ ಯಂತ್ರದ ಮೇಲಿನ ಫೋನು 'ಟಿಣ್' ಎಂದಿತು.

ಮಾವ ಕೈ ಚಾಚಿ, ಪರದೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಮತ್ತೆ ಗಂಟಿಗೆ ಕೈ ಹಾಕಿದರು. ನೋಡಲೂ ಇಲ್ಲ. ದಿನಾ ಮಾಡುವವರು ಮಾಡುವ ರೀತಿಯಲ್ಲಿ ಮಾಡಿದರು.

"ಮಾಮಾ, ಏನದು?"

"ಏನಿಲ್ಲವ್ವಾ. ಸುಮ್ಮ ಒದರ್ತದ."

"ದಿನಾ ಒದರ್ತದೇನ್ರಿ?"

ನಾನು ಎದ್ದು ಫೋನ್ ಕೈಗೆತ್ತಿಕೊಂಡೆ. "ಬಂದ್ ಮಾಡಬ್ಯಾಡವ್ವಾ," ಎಂದರು ಅವರು ಅವಸರದಿಂದ. "ಬ್ಲೌಜಿನವರು ಫೋನ್ ಮಾಡ್ತಾರ."

ಆ್ಯಪು ತೆರೆದೆ. ತಲೆಯಲ್ಲಿ ಅತ್ತೆಯ ಹೆಸರು. ಕೆಳಗೆ ಈಗಿನ ಅಂಕಿ: 168/112, ವೇಳೆ 9.52. ಅದರ ಕೆಳಗೆ ಬುಧವಾರ ಸಂಜೆ 158/104. ಬುಧವಾರ ಮುಂಜಾನೆ 156/102. ಮಂಗಳವಾರ ಸಂಜೆ 150/100, ಮುಂಜಾನೆ 152/98. ಸೋಮವಾರ ಮುಂಜಾನೆ 150/98. ಭಾನುವಾರ ಮುಂಜಾನೆ 148/94. ಅಲ್ಲಿಂದ ಕೆಳಗೆ ನಲವತ್ತೆಂಟು ದಿನಗಳ ಅಂತರ. ಅದಾದ ಮೇಲೆ ಅತ್ತೆಯ ಕೊನೆಯ ಅಂಕಿ, ಅವರು ಕುಸಿದ ದಿನದ ಮುಂಜಾನೆಯದು.

ಏನಾಗಿತ್ತೆಂದು ಮುಂದೆ ನಾನು ಕೇಳಿ ಖಚಿತಪಡಿಸಿಕೊಂಡೆ. ಈ ಮಷಿನ್ ಒಂದಕ್ಕಿಂತ ಹೆಚ್ಚು ಫೋನ್‌ಗಳ ಗುರುತು ನೆನಪಿನಲ್ಲಿಡುತ್ತದೆ, ಆದರೆ ಒಂದು ಹೊತ್ತಿಗೆ ಒಂದರ ಜೊತೆ ಮಾತ್ರ ಕೂಡುತ್ತದೆ. ಮೊದಲು ಯಾರು ಹಿಡಿದರೋ ಅವರದು. ಅತ್ತೆಯ ಫೋನಿನಲ್ಲಿ ಆ್ಯಪು ಹಿನ್ನೆಲೆಯಲ್ಲಿ ಸದಾ ಎಚ್ಚರವಿರುವಂತೆ ಎರಡು ವರ್ಷದ ಹಿಂದೆ ಮಗನೇ ಮಾಡಿಟ್ಟಿದ್ದ. ಅವ್ವನಿಗೆ ಏನೂ ಒತ್ತುವ ಕಷ್ಟ ಇರಬಾರದು ಎಂದು. ಹಾಗಾಗಿ ಮಷಿನ್ ಕಣ್ಣು ಬಿಟ್ಟ ಕೂಡಲೇ ಅದು ಹಿಡಿಯುತ್ತಿತ್ತು. ಹಿಡಿದ ಮೇಲೆ ತಂಗಿಯ ಫೋನಿಗೆ ಮಷಿನ್ ಕಾಣುತ್ತಿರಲಿಲ್ಲ. ಅಂಕಿ ಮುಟ್ಟಿದ್ದು ಖಾತ್ರಿಯಾದ ಮೇಲೆ ಮಷಿನ್ ತನ್ನ ನೆನಪಿನಿಂದ ಅದನ್ನು ಅಳಿಸುತ್ತಿತ್ತು. ಸಂಜೆ ಮಾವ ಫೋನನ್ನು ಕಿಸೆಯಲ್ಲಿ ಹಾಕಿಕೊಂಡು ಹೊರಗೆ ಹೋದಾಗ ಮಾತ್ರ ತಂಗಿಯ ಫೋನಿನ ಪಾಳಿ ಬರುತ್ತಿತ್ತು. ಗುಳಿಗೆ ನುಂಗಿ, ಮಧ್ಯಾಹ್ನವೆಲ್ಲ ಮಲಗಿ ಎದ್ದ ಸಂಜೆಯ ಅಂಕಿಗಳಷ್ಟೇ ಭಾಲ್ಕಿಗೆ ಹೋದವು. ಸೋಮವಾರ ಸಂಜೆ ನಾನು ಆ ಪಾಳಿಯನ್ನೂ ಅಳಿಸಿಸಿದೆ. ಡಾಕ್ಟರ್ ಹೇಳಿದ ಗೆರೆಯನ್ನು ಅಂಕಿ ಮುಟ್ಟಿದ್ದು ಸೋಮವಾರ ಮುಂಜಾನೆ.

"ಮಾಮಾ, ಇದು ಒದರಿದಾಗ ನಿಮಗ ಏನನಸ್ತಿತ್ತು?"

ಅವರು ಗಂಟಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದರು. "ಆಕಿ ಇದ್ದಾಗ ಮುಂಜಾನಿ ಬಿ.ಪಿ. ನೋಡ್ಕೊಂಡ್ಲು ಅಂದ್ರ ಹಿಂಗೇ ಒದರ್ತಿತ್ತು. ನಡುವ ಬಂದ್ ಆಗಿತ್ತು. ಈ ನಾಕ್ ದಿನದಿಂದ ಮತ್ತ ಚಾಲೂ ಆಗ್ಯಾದ, ಅದೇ ಟೈಮಿಗೆ."

"ಯಾರಿಗರ ಹೇಳಬೇಕಿತ್ತಲ್ರಿ."

"ಏನಂತ ಹೇಳ್ಲಿ? ಸತ್ತಾಕಿ ಫೋನ್ ಆಕಿ ಟೈಮಿಗಿ ಒದರ್ತದ ಅಂತ ಹೇಳಿದ್ರ ನೀವ್ ನನಗ ಹುಚ್ಚ ಹಿಡದದ ಅಂತಿದ್ರಿ. ನನಗ ಓದಾಕ ಬರಲ್ಲವ್ವಾ. ಸುಮ್ಮ ಸರಸ್ತಿದ್ದೆ."

"ಅಕ್ಕಾ, ಎಷ್ಟ ಬಂದದ?" ಎಂದಳು ತಂಗಿ ಗೋಡೆಯ ಕಡೆಯಿಂದ.

ನಾನು ಭಾಲ್ಕಿಗೆ ಫೋನ್ ಮಾಡಿದೆ. ಅಂಕಿ ಕೇಳಿದ ಕೂಡಲೇ ನರ್ಸ್ ಫೋನನ್ನು ಡಾಕ್ಟರರ ಕೈಗೆ ಕೊಟ್ಟರು.

"ಬರೀ ಇವತ್ತಿಂದೇನ್ರಿ?"

"ಅಲ್ರಿ ಮೇಡಂ. ಭಾನುವಾರದಿಂದ ಏರಲತ್ತದ. ಬೇರೆ ಫೋನಿನ್ಯಾಗ ಬಿದ್ದಿದ್ವು. ಈಗ ಸಿಕ್ಕಾವ."

"ಭಾಲ್ಕಿಗೆ ಬರಬ್ಯಾಡ್ರಿ," ಎಂದರು ಡಾಕ್ಟರ್. "ಮೊದಲ ಔರಾದ ದವಾಖಾನಿಗೆ ಹೋಗ್ರಿ, ಝಟಕಿ ತಡಿಯೋ ಇಂಜೆಕ್ಷನ್ ಕೊಡಿಸ್ರಿ. ಅಲ್ಲಿಂದ ಆಂಬುಲೆನ್ಸಿನ್ಯಾಗ ಬೀದರ. ಎಡಕ್ಕ ಮಗ್ಗಲಾಗಿ ಮಲಗಿಸ್ರಿ. ಐದ್ ನಿಮಿಷ ಬಿಟ್ಟು ಇನ್ನೊಮ್ಮಿ ನೋಡ್ರಿ. ನಾ ಅಲ್ಲೀವರಿಗೆ ಹೇಳ್ತೇನಿ, ಅವರಿಗೆ ಅಂಕಿ ಬೇಕು."

ಅತ್ತೆಯ ಫೋನನ್ನು ಬಂದ್ ಮಾಡಲಿಲ್ಲ. ಬ್ಲೂಟೂತ್ ಮಾತ್ರ ಬಂದ್ ಮಾಡಿ ಮಾವನ ಕೈಗೆ ಕೊಟ್ಟೆ. ತಂಗಿಯ ಫೋನಿನಲ್ಲಿ ಆ್ಯಪು ತೆರೆದು ಮಷಿನ್ನಿನ ಗುಂಡಿ ಐದು ಸೆಕೆಂಡ್ ಹಿಡಿದೆ. ದೀಪ ಮಿಣುಕಿತು, ಮಿಣುಕುತ್ತಲೇ ಇತ್ತು. ಮೂರು ದಿನದಿಂದ ಸಿಗದ ಹೆಸರು ಮೂರು ಸೆಕೆಂಡಿನಲ್ಲಿ ಬಂತು. ಜೋಡಿಸಿದೆ. ಗುಂಡಿ ಒತ್ತಿದೆ. 9 ಗಂಟೆ 59ಕ್ಕೆ ತಂಗಿಯ ಫೋನಿನಲ್ಲಿ 170/110 ಎಂದು ಬಂತು, ಭಾಲ್ಕಿಗೂ ಹೋಯಿತು.

ಗಂಡ ಆಟೋ ತಂದ. ಅವನಿಗೆ ಫೋನ್ ತೋರಿಸಿದೆ. ಪಟ್ಟಿಯ ತಲೆಯಲ್ಲಿದ್ದ ತಾಯಿಯ ಹೆಸರನ್ನು ಓದಿದ, ಕೆಳಗಿನದನ್ನು ಓದಿದ. "ಅಕ್ಕಾರ, ಇದು ನಾನೇ ಮಾಡಿಟ್ಟಿದ್ದು," ಎಂದ. ಇಬ್ಬರೂ ಸೇರಿ ಅವಳನ್ನು ಎತ್ತಿ ಕೂರಿಸಿದೆವು.

ಮನೆಯಿಂದ ತಾಲ್ಲೂಕು ಆಸ್ಪತ್ರೆಗೆ ಆಟೋದಲ್ಲಿ ಆರು ನಿಮಿಷ. ತಂಗಿಯ ತಲೆ ನನ್ನ ತೊಡೆಯ ಮೇಲಿತ್ತು. "ಅಕ್ಕಾ, ಬೆಳಕು ಭಾಳ ಅದ," ಎಂದಳು. ಹೊರಗೆ ಮೋಡ ಕವಿದಿತ್ತು. ಆಸ್ಪತ್ರೆಯ ಗೇಟಿನ ಒಳಗೆ ತಿರುಗಿದಾಗ ಅವಳ ಕೈ ಸೆಟೆದುಕೊಂಡಿತು. ಹಲ್ಲು ಕಚ್ಚಿಕೊಂಡಳು. ಇಡೀ ಮೈ ಅದುರತೊಡಗಿತು. ನಾನು ವೇಳೆ ನೋಡಿದೆ: 10 ಗಂಟೆ 14 ನಿಮಿಷ. ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅದು ನಡೆಯಿತು. ಗಂಡ ಅವಳ ಹೆಸರು ಹಿಡಿದು ಕೂಗುತ್ತಿದ್ದ. ಒಳಗಿನವರು ಸ್ಟ್ರೆಚರ್ ಹಿಡಿದು ಓಡಿಬಂದರು. ಭಾಲ್ಕಿಯಿಂದ ಫೋನ್ ಬಂದಿದ್ದರಿಂದ ಅವರು ಇಂಜೆಕ್ಷನ್ ತುಂಬಿಸಿಕೊಂಡೇ ಕಾಯುತ್ತಿದ್ದರು.

10 ಗಂಟೆ 50ಕ್ಕೆ ಆಂಬುಲೆನ್ಸ್ ಔರಾದ ಬಿಟ್ಟಿತು. ಜೊತೆಗೆ ಅಲ್ಲಿಯ ನರ್ಸ್ ಒಬ್ಬರು ಬಂದರು. ಸಂತಪುರದಲ್ಲಿ ನೀರು ಇಳಿದಿತ್ತು. ದಾರಿಯಲ್ಲಿ ಮತ್ತೆ ಝಟಕೆ ಬರಲಿಲ್ಲ. ಅವಳು ಕಣ್ಣು ತೆರೆಯಲೂ ಇಲ್ಲ. ಗಂಡ ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಕೂತು, ತಿರುವು ಬಂದಾಗಲೆಲ್ಲ ಹಿಂದೆ ತಿರುಗಿ ಸಣ್ಣ ಕಿಂಡಿಯಿಂದ ನೋಡುತ್ತಿದ್ದ. ಒಮ್ಮೆ ಕೇಳಿದ, "ಉಸಿರು ಅದನ್ರಿ?" ನರ್ಸ್ ಕೈ ಎತ್ತಿ ಇದೆ ಎಂದು ತೋರಿಸಿದರು. ಅವನು ಅದನ್ನೇ ಬೀದರ ಮುಟ್ಟುವವರೆಗೆ ಐದು ಸಲ ಕೇಳಿದ.

ಬೀದರಿನ ಆಸ್ಪತ್ರೆಯಲ್ಲಿ 12 ಗಂಟೆ 40ಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು. ತೂಕ ಒಂದು ಕಿಲೋ ಐನೂರ ಎಂಬತ್ತು ಗ್ರಾಂ. ಅತ್ತಿತು, ಆದರೆ ದನಿ ಸಣ್ಣದು ಎಂದು ಒಳಗಿನಿಂದ ಬಂದವರು ಹೇಳಿದರು. ಮಗುವನ್ನು ನವಜಾತ ಶಿಶುಗಳ ಘಟಕಕ್ಕೆ ಒಯ್ದರು. ತಂಗಿಯನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಎರಡು ಘಟಕಗಳು ಬೇರೆ ಬೇರೆ ಮಹಡಿಯಲ್ಲಿವೆ. ಗಂಡ ಮಗುವಿನ ಬಾಗಿಲಲ್ಲಿ ನಿಂತ. ನಾನು ತಂಗಿಯ ಬಾಗಿಲಲ್ಲಿ ನಿಂತೆ.

ಅವಳು ಶುಕ್ರವಾರ ಇಡೀ ದಿನ ಎಚ್ಚರಗೊಳ್ಳಲಿಲ್ಲ. ಡಾಕ್ಟರ್ ಭಾಲ್ಕಿಗೆ ಬರಲು ಹೇಳಿದ್ದ ಶುಕ್ರವಾರ ಅದು. ಶನಿವಾರ ಬೆಳಿಗ್ಗೆ 11 ಗಂಟೆಗೆ ಕಣ್ಣು ತೆರೆದಳು. ನನ್ನನ್ನು ನೋಡಿ, "ಮಷಿನ್ ಹತ್ತಿತೇನು?" ಎಂದಳು. ಗುರುವಾರದ ಯಾವುದೂ ಅವಳಿಗೆ ನೆನಪಿರಲಿಲ್ಲ. ನಾನು ಹತ್ತಿತು ಎಂದೆ. ಸೋಮವಾರ ಸಂಜೆ ನಾನು ಅಳಿಸಲು ಹೇಳಿದ್ದನ್ನು ಅವಳಿಗೆ ನೆನಪಿಸಿದ್ದು ಅದರ ಮರುದಿನ. "ನೀ ದಿನಾ ಮಾಡ್ತೀ ಅಂದಿದ್ದಿ," ಎಂದಳು. ಆಮೇಲೆ ಗೋಡೆಯ ಕಡೆ ಹೊರಳಿದಳು.

ಭಾನುವಾರ ಮಾವ ಬಸ್ಸಿನಲ್ಲಿ ಬೀದರಿಗೆ ಬಂದರು. ಕಿಸೆಯಲ್ಲಿ ಫೋನಿತ್ತು. ಅದನ್ನು ನನ್ನ ಮುಂದೆ ಹಿಡಿದು, "ಅದರಾಗಿಂದು ಆಕಿದೆಲ್ಲಾ ಅಳಸಬೇಕೇನವ್ವಾ?" ಎಂದು ಕೇಳಿದರು. ಅಳಿಸಬೇಕಿಲ್ಲ ಎಂದೆ. ಬ್ಲೂಟೂತ್ ಚಾಲೂ ಮಾಡದಿದ್ದರೆ ಸಾಕು. ಯಾವುದನ್ನು ಮುಟ್ಟಬಾರದು ಎಂದು ತೋರಿಸಿಕೊಟ್ಟೆ. ಅವರು ಎರಡು ಸಲ ನೋಡಿಕೊಂಡರು. ಅಷ್ಟರಲ್ಲಿ ಅದು ರಿಂಗಾಯಿತು. ನಿಗಾ ಘಟಕದ ಮುಂದೆ ಸ್ಪೀಕರ್ ಹಾಕಬಾರದೆಂದು ಕಾವಲಿನವನು ಬೈದ. ಅವರು ಮೆಟ್ಟಿಲ ಕಡೆ ಹೋಗಿ ಮಾತಾಡಿದರು.

ಒಂಬತ್ತನೆಯ ದಿನ ತಂಗಿಯನ್ನು ವಾರ್ಡಿಗೆ ತಂದರು. ಹದಿಮೂರನೆಯ ದಿನ ಮನೆಗೆ ಕಳಿಸಿದರು, ಔರಾದಕ್ಕಲ್ಲ, ಬೀದರಿನ ನನ್ನ ಮನೆಗೆ. ಮಗು ಘಟಕದಲ್ಲೇ ಉಳಿಯಿತು. ಒತ್ತಡ ಇಳಿಯಲು ವಾರಗಳು ಬೇಕಾಗಬಹುದು, ಇಳಿಯದೆಯೂ ಇರಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಮುಂಜಾನೆ ಮತ್ತು ಸಂಜೆ ನೋಡಬೇಕು. ಮಷಿನ್ ಅದೇ. ತಂಗಿ ಗುಂಡಿ ಒತ್ತುವ ಮೊದಲು ಮನೆಯಲ್ಲಿರುವವರ ಫೋನ್‌ಗಳನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ ಇಡಿಸುತ್ತಾಳೆ. ಅದರ ಅಗತ್ಯವಿಲ್ಲ ಎಂದು ಹೇಳಿದ್ದೇನೆ. ಅವುಗಳಿಗೆ ಮಷಿನ್ನಿನ ಪರಿಚಯವಿಲ್ಲ. ಆದರೂ ಇಡಿಸುತ್ತಾಳೆ. ನನ್ನದನ್ನು ಮೊದಲು.

ಇವತ್ತು ಹತ್ತೊಂಬತ್ತನೆಯ ದಿನ. ಮಗುವಿನ ಬೆಳಗಿನ ತೂಕ ಒಂದು ಕಿಲೋ ಆರುನೂರ ಹತ್ತು ಗ್ರಾಂ, ಮೂಗಿನ ಆಮ್ಲಜನಕದ ನಳಿಕೆ ಇನ್ನೂ ತೆಗೆದಿಲ್ಲ. ತಂಗಿಯ ಫೋನಿಗೆ ಮುಂಜಾನೆ 7 ಗಂಟೆ 12ಕ್ಕೆ ಬಂದ ಅಂಕಿ 148/96.